ಟೆನ್ಸ್ ಪಾಠವನ್ನು ಕೋಷ್ಟಕ ಮಾಡುತ್ತಿದ್ದೇನೆ, ‘ಕಟ್ಟಿದ್ದೇನೆ’ ಯಾವ ಸಾಲಿಗೆ ಹೋಗಬೇಕು?

ಸಂಜೆಪಾಠ

ನಮ್ಮೂರಲ್ಲಿ ಡಿಗ್ರಿ ಓದುವ ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ನನಗೆ ಪಾಠ ಹೇಳಿದ ಗುರುಗಳು ಪ್ರೆಸೆಂಟ್ ಪರ್ಫೆಕ್ಟ್ ಬಗ್ಗೆ ಮಾಡಿದ ಒಂದು ಗಂಟೆಯ ಉಪನ್ಯಾಸದ ರೆಕಾರ್ಡಿಂಗ್ ನನ್ನ ಹತ್ತಿರ ಇದೆ. ಪಾಠ ತುಂಬಾ ಚೆನ್ನಾಗಿದೆ. ಆದರೆ ಮಕ್ಕಳು ಅದನ್ನು ಎರಡನೇ ಸಲ ಕೇಳುವುದಿಲ್ಲ, ಪರೀಕ್ಷೆ ಹತ್ತಿರ ಬಂದಾಗ ಅವರಿಗೆ ಕೈಯಲ್ಲಿ ಹಿಡಿಯುವ ಹಾಳೆ ಬೇಕು. ಹಾಗಾಗಿ ಪೂರ್ತಿ ಬರೆದುಕೊಂಡು ಕೋಷ್ಟಕ ಮಾಡುತ್ತಿದ್ದೇನೆ: ನಿಯಮ, ಉದಾಹರಣೆ, ನಮ್ಮ ಕಡೆಯವರು ಮಾಡುವ ತಪ್ಪು.

ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡೆ. ಗುರುಗಳು ಹೇಳಿದ್ದು, ಈಗಷ್ಟೇ ಮುಗಿದ ಕೆಲಸಕ್ಕೆ ಹ್ಯಾವ್ ಅಥವಾ ಹ್ಯಾಸ್ ಹಾಕಿ, ಮುಂದೆ ಕ್ರಿಯಾಪದದ ಮೂರನೇ ರೂಪ ಹಾಕಿ ಅಂತ. ಅದನ್ನೇ ನಿಯಮದ ಮನೆಯಲ್ಲಿ ಬರೆದೆ. ಒಬ್ಬ ಹುಡುಗನಿಗೆ ತೋರಿಸಿ ‘ನಿನ್ನೆ ಫೀಸ್ ಕಟ್ಟಿದ್ದೇನೆ’ ಅನ್ನೋದನ್ನ ಇಂಗ್ಲಿಷಲ್ಲಿ ಹೇಳು ಅಂದೆ. ‘ಐ ಹ್ಯಾವ್ ಪೇಯ್ಡ್ ದಿ ಫೀಸ್ ಯೆಸ್ಟರ್‌ಡೇ’ ಅಂದ. ನಿನ್ನೆ ತಾನೇ, ಈಗಷ್ಟೇ ಮುಗಿದದ್ದಲ್ವಾ ಸರ್ ಅಂತ ನನ್ನನ್ನೇ ಕೇಳಿದ. ಅವನ ತರ್ಕದಲ್ಲಿ ತಪ್ಪು ಹುಡುಕೋದು ಕಷ್ಟ.

ಇದನ್ನ ಹೇಗೆ ಬರೆಯಬೇಕು? ಓದೋಕೆ ಸುಲಭ ಆಗಲಿ ಅಂತ ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಹಾಳೆಯಲ್ಲಿ ಇಂಗ್ಲಿಷ್ ಅಕ್ಷರವೇ ಇರುತ್ತದೆ.

ಮಲ್ಲಿಗೆ_ಹಂದರ

ನಮ್ಮ ಮಗಳಿಗೂ ಇದೇ ಬೇಕಿತ್ತು. ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಕೋಷ್ಟಕ ಇದ್ದರೆ ಅದನ್ನೂ ಹಾಕಿ ಸರ್. ಅವಳಿಗೆ ಮುಂದಿನ ವಾರವೇ ಟೆಸ್ಟ್ ಇದೆ.

ಸಂಜೆಪಾಠ

ಮೇಡಂ, ನನ್ನ ಹತ್ತಿರ ಇರೋದು ಈ ಒಂದು ಪಾಠ ಮಾತ್ರ. ಅದೂ ಇನ್ನೂ ಅರ್ಧದಲ್ಲೇ ಇದೆ.

ಕೀಲಿಮಣೆ

ಇದು ಸುಲಭ. ಕನ್ನಡ ವಾಕ್ಯದ ಕೊನೆ ನೋಡಿ. ‘ಇದ್ದೇನೆ, ಇದ್ದಾನೆ, ಇದ್ದಾರೆ, ಇದೆ’ ಅಂತ ಬಂದರೆ ಹ್ಯಾವ್ ಅಥವಾ ಹ್ಯಾಸ್. ಇಲ್ಲದಿದ್ದರೆ ಸಿಂಪಲ್ ಪಾಸ್ಟ್. ‘ಬಂದಿದ್ದೇನೆ’ ಅಂದರೆ ಹ್ಯಾವ್ ಕಮ್, ‘ಬಂದೆ’ ಅಂದರೆ ಕೇಮ್. ಎರಡೇ ಸಾಲು, ಕೋಷ್ಟಕ ಮುಗೀತು. ನಾನು ಕಲಿತದ್ದೇ ಹೀಗೆ.

ಹಳೇಮೇಷ್ಟ್ರು

ಕೀಲಿಮಣೆ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ‘ಬಂದಿದ್ದೇನೆ’ಗೂ ‘ಹ್ಯಾವ್ ಕಮ್’ಗೂ ನಂಟು ಇರುವುದು ನಿಜ. ಕೆಲಸ ಹಿಂದೆ ಆಗಿದೆ, ಅದರ ಫಲ ಈಗ ಇದೆ. ಎರಡೂ ಭಾಷೆ ಇದನ್ನೇ ಹೇಳುತ್ತವೆ. ಆದರೆ ಒಂದು ಕಡೆ ದಾರಿ ಬೇರೆಯಾಗುತ್ತದೆ, ಸಂಜೆಪಾಠ ಅವರ ಹುಡುಗ ಬಿದ್ದದ್ದು ಅಲ್ಲೇ. ಕನ್ನಡದಲ್ಲಿ ‘ನಿನ್ನೆಯೇ ಫೀಸ್ ಕಟ್ಟಿದ್ದೇನೆ’ ಅನ್ನೋದು ಪೂರ್ತಿ ಸರಿಯಾದ ವಾಕ್ಯ. ಕೌಂಟರ್ ಮುಂದೆ ನಿಂತು ನಾವು ಹೇಳೋದೇ ಹಾಗೆ. ಇಂಗ್ಲಿಷ್ ಆ ಎರಡನ್ನೂ ಒಟ್ಟಿಗೆ ಇಡಲು ಬಿಡುವುದಿಲ್ಲ. ನಿನ್ನೆ ಅನ್ನೋ ಥರ ಮುಗಿದುಹೋದ ಹೊತ್ತು ಹೇಳಿದೆಯಾ, ಹ್ಯಾವ್ ಬಿಡಬೇಕು. ಹ್ಯಾವ್ ಬೇಕಾ, ಆ ಹೊತ್ತನ್ನ ಬಿಡಬೇಕು.

ಇನ್ನು ಕೊನೆಯ ಅಕ್ಷರ ನೋಡಿ ಅನ್ನೋದು. ‘ನಾನು ನಿನ್ನೆ ಫೀಸ್ ಕಟ್ಟಿದೆ’ ಮತ್ತು ‘ಹಕ್ಕಿ ಗೂಡು ಕಟ್ಟಿದೆ’. ಎರಡರಲ್ಲೂ ಕೊನೆ ಒಂದೇ, ‘ಕಟ್ಟಿದೆ’. ಮೊದಲನೆಯದು ಪೇಯ್ಡ್, ಎರಡನೆಯದು ಹ್ಯಾಸ್ ಬಿಲ್ಟ್. ಕೊನೆ ನೋಡಿ ವಿಂಗಡಿಸುವವರು ಇಲ್ಲಿ ಎಡವುತ್ತಾರೆ.

ಈಗ ನಿಮ್ಮ ಗುರುಗಳ ನಿಯಮಕ್ಕೆ ಬರೋಣ. ‘ಈಗಷ್ಟೇ ಮುಗಿದ ಕೆಲಸ’ ಅನ್ನೋದು ಹಳೆಯ ಪಠ್ಯಗಳಲ್ಲಿ ಬಂದಿರುವ ಮಾತು, ಅವರು ಹುಟ್ಟಿಸಿದ್ದಲ್ಲ. ಉಪನ್ಯಾಸದಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಹೇಳುವವರು ಮುಂದಿನ ಹತ್ತು ನಿಮಿಷ ಉದಾಹರಣೆ ಕೊಟ್ಟು ಅದನ್ನು ಸರಿದೂಗಿಸುತ್ತಾರೆ. ಕೋಷ್ಟಕದ ಮನೆಯೊಳಗೆ ಆ ಹತ್ತು ನಿಮಿಷ ಇರುವುದಿಲ್ಲ. ನಿಯಮ ಒಂಟಿಯಾಗಿ ನಿಲ್ಲಬೇಕು. ಒಂಟಿಯಾಗಿ ನಿಲ್ಲಿಸಿ ನೋಡಿ. ‘ಐ ಪೇಯ್ಡ್ ಇಟ್ ಫೈವ್ ಮಿನಿಟ್ಸ್ ಅಗೋ’, ಬರೀ ಐದು ನಿಮಿಷದ ಹಿಂದೆ ಆದದ್ದು, ಆದರೂ ಹ್ಯಾವ್ ಇಲ್ಲ. ‘ಐ ಹ್ಯಾವ್ ಸೀನ್ ಗೋಲ್ ಗುಂಬಜ್’, ನೋಡಿದ್ದು ಮೂವತ್ತು ವರ್ಷದ ಹಿಂದೆ ಇರಬಹುದು, ಆದರೂ ಹ್ಯಾವ್ ಇದೆ. ಹಾಗಾದರೆ ಹೊಸತು ಹಳತು ಅನ್ನೋದು ಇಲ್ಲಿ ಅಳತೆಗೋಲೇ ಅಲ್ಲ.

ನಿಯಮದ ಮನೆಯಲ್ಲಿ ಹುಡುಗ ತಾನೇ ಪರೀಕ್ಷಿಸಿ ನೋಡಬಹುದಾದ ಪ್ರಶ್ನೆ ಬರೆಯಿರಿ. ‘ವಾಕ್ಯದಲ್ಲಿ ಮುಗಿದುಹೋದ ಹೊತ್ತು ಹೇಳಿದೆಯಾ?’ ಹೌದು ಅಂದರೆ ಸಿಂಪಲ್ ಪಾಸ್ಟ್. ಅಷ್ಟು ಸಾಕು.

ಸಂಜೆಪಾಠ

ಮೇಷ್ಟ್ರೇ, ಗೋಲ್ ಗುಂಬಜ್ ಉದಾಹರಣೆ ನೇರವಾಗಿ ತಲೆಗೆ ಹೋಯಿತು. ಆದರೆ ಒಂದು ಅಳುಕು. ಹಾಳೆಯ ಮೇಲೆ ಗುರುಗಳ ಹೆಸರು ಇರುತ್ತದೆ. ಅವರು ಹೇಳಿದ ನಿಯಮವನ್ನು ನಾನು ಬದಲಾಯಿಸಬಹುದಾ? ನಾನು ಮಾಡುತ್ತಿರುವುದು ಬರೀ ರೂಪ ಬದಲಾಯಿಸುವ ಕೆಲಸ ಅಲ್ವಾ?

ಹಳೇಮೇಷ್ಟ್ರು

ರೆಕಾರ್ಡಿಂಗ್ ಇನ್ನೊಮ್ಮೆ ಕೇಳಿ. ಸಾಮಾನ್ಯವಾಗಿ ಇಂಥ ಪಾಠದಲ್ಲಿ ನಿಯಮ ಅಂತ ಘೋಷಿಸಿದ ಮಾತು ಒಂದು ಇರುತ್ತದೆ, ಉದಾಹರಣೆ ತಿದ್ದುವಾಗ ಬಾಯಿಂದ ಬರುವ ನಿಜವಾದ ನಿಯಮ ಇನ್ನೊಂದು ಇರುತ್ತದೆ. ‘ಏ, ಯೆಸ್ಟರ್‌ಡೇ ಅಂದಮೇಲೆ ಹ್ಯಾವ್ ಎಲ್ಲಿಂದ ಬಂತು?’ ಅಂತ ಯಾರಿಗೋ ಗದರಿದ್ದು ಇರಬಹುದು. ಅದೇ ನಿಮ್ಮ ನಿಯಮ. ಅದು ಅವರದ್ದೇ ಮಾತು.

ನಾನು ಮಾಡುವ ಕ್ರಮ ಹೇಳುತ್ತೇನೆ. ಬರೆದುಕೊಂಡ ಪಾಠದ ಅಂಚಿನಲ್ಲಿ ಪ್ರತಿ ಮಾತಿಗೂ ಒಂದು ಗುರುತು ಹಾಕುತ್ತೇನೆ. ನಿಯಮಕ್ಕೆ ‘ನಿ’, ಉದಾಹರಣೆಗೆ ‘ಉ’, ತಿದ್ದಿದ್ದಕ್ಕೆ ‘ತಿ’. ಉಳಿದದ್ದು ಕಥೆ, ಅದಕ್ಕೆ ಗುರುತು ಬೇಡ. ಆಮೇಲೆ ಎಲ್ಲರೂ ‘ನಿ’ಗಳಿಂದ ಶುರು ಮಾಡುತ್ತಾರೆ. ನಾನು ‘ತಿ’ಗಳಿಂದ ಶುರು ಮಾಡುತ್ತೇನೆ. ಪ್ರತಿ ತಿದ್ದುಪಡಿಯೂ ಕೋಷ್ಟಕದ ಒಂದು ಸಾಲು. ಆ ತಪ್ಪು ಯಾವ ಕನ್ನಡ ವಾಕ್ಯದಿಂದ ಹುಟ್ಟಿತು ಅಂತ ಪಕ್ಕದಲ್ಲಿ ಬರೆಯುತ್ತೇನೆ. ತಪ್ಪನ್ನು ತಡೆಯಲು ಯಾವ ನಿಯಮ ಬೇಕೋ ಅಷ್ಟನ್ನು ಮಾತ್ರ ಪಾಠದಿಂದ ಎತ್ತಿಕೊಳ್ಳುತ್ತೇನೆ. ಯಾವ ತಪ್ಪನ್ನೂ ತಡೆಯದ ‘ನಿ’ಗಳು ಕೊನೆಗೆ ಉಳಿದರೆ ಅವನ್ನು ಬೇರೆ ಹಾಳೆಗೆ ಹಾಕುತ್ತೇನೆ.

ಗುರುಗಳ ಮೂಲ ವಾಕ್ಯ ಬಿಡಲು ಮನಸ್ಸಿಲ್ಲದಿದ್ದರೆ ಅದನ್ನು ಹಾಳೆಯ ತಲೆಯಲ್ಲಿ ಅವರ ಮಾತಾಗಿ ಇಡಿ. ಸಾಲುಗಳು ನಿಮ್ಮವು. ಅವರು ಇದ್ದರೆ ಒಮ್ಮೆ ತೋರಿಸಿ.

ಪೇಡೆನಗರಿ

ನಾನು ಧಾರವಾಡದವಳು. ಸಿನ್ಸ್ ಮತ್ತು ಫಾರ್ ಬಗ್ಗೆ ಹೇಳಬೇಕು. ಅದೂ ಇದೇ ಪಾಠದಲ್ಲಿ ಬರುತ್ತದೆ ಅಲ್ವಾ? ಬೆಂಗಳೂರಿನ ಕೋಚಿಂಗ್‌ನಲ್ಲಿ ‘ಎರಡು ಗಂಟೆಯಿಂದ ಕಾಯ್ತಾ ಇದ್ದೇನೆ’ ಅನ್ನೋದನ್ನ ಇಂಗ್ಲಿಷ್ ಮಾಡಿ ಅಂದಿದ್ದರು. ಕ್ಲಾಸಲ್ಲಿ ಅರ್ಧ ಜನ ‘ಸಿನ್ಸ್ ಟೂ ಓ ಕ್ಲಾಕ್’, ಅರ್ಧ ಜನ ‘ಫಾರ್ ಟೂ ಅವರ್ಸ್’ ಅಂದರು. ಎರಡೂ ಸರಿ! ಕನ್ನಡ ವಾಕ್ಯಕ್ಕೇ ಎರಡು ಅರ್ಥ ಇದೆ. ನಮ್ಮ ಮನೆಯಲ್ಲಿ ಈ ಗೊಂದಲ ಇಲ್ಲ. ಗಡಿಯಾರದ ಹೊತ್ತಿಗೆ ಗಂಟೆ ಅಂತೀವಿ, ಕಳೆದ ಹೊತ್ತಿಗೆ ತಾಸು ಅಂತೀವಿ. ‘ಎರಡು ತಾಸಿನಿಂದ’ ಅಂದರೆ ಫಾರ್ ಟೂ ಅವರ್ಸ್, ಅದಕ್ಕೆ ಬೇರೆ ಅರ್ಥವೇ ಇಲ್ಲ. ಕೋಷ್ಟಕದಲ್ಲಿ ತಾಸು ಬಳಸಿ ನೋಡಿ, ಹುಡುಗರಿಗೆ ಬೇಗ ಹೊಳೆಯುತ್ತದೆ.

ಕೀಲಿಮಣೆ

ಅದಕ್ಕೂ ಸುಲಭದ ದಾರಿ ಇದೆ. ಸಂಖ್ಯೆ ಬಂದರೆ ಫಾರ್, ಸಂಖ್ಯೆ ಇಲ್ಲದಿದ್ದರೆ ಸಿನ್ಸ್. ಫಾರ್ ಟೂ ಇಯರ್ಸ್, ಸಿನ್ಸ್ ಮಂಡೇ.

ಪೇಡೆನಗರಿ

ಸಿನ್ಸ್ 2019? ಸಿನ್ಸ್ ಫೈವ್ ಓ ಕ್ಲಾಕ್? ಫಾರ್ ಎ ಲಾಂಗ್ ಟೈಮ್?

ಕೀಲಿಮಣೆ

2019 ಅನ್ನೋದು ಹೆಸರು, ಎಣಿಕೆ ಅಲ್ಲ. ಆದರೆ ಲಾಂಗ್ ಟೈಮ್‌ಗೆ ನನ್ನ ಹತ್ತಿರ ಉತ್ತರ ಇಲ್ಲ, ಒಪ್ಪುತ್ತೇನೆ.

ಹಳೇಮೇಷ್ಟ್ರು

ತಾಸಿನ ಮಾತು ಬಹಳ ಒಳ್ಳೆಯದು, ಉತ್ತರ ಕರ್ನಾಟಕದ ಮಕ್ಕಳ ಹಾಳೆಯಲ್ಲಿ ಅದು ಇರಲೇಬೇಕು. ಆದರೆ ಹಾಸನ, ಮಂಡ್ಯದ ಕಡೆ ಮಕ್ಕಳ ಬಾಯಲ್ಲಿ ಆ ಪದ ಅಷ್ಟಾಗಿ ಇಲ್ಲ. ಅವರಿಗೆ ನಾನು ‘ಆಯ್ತು’ ಹಚ್ಚಿ ನೋಡಲು ಹೇಳುತ್ತೇನೆ. ‘ಇಲ್ಲಿಗೆ ಬಂದು ಎರಡು ವರ್ಷ ಆಯ್ತು’ ಅನ್ನಬಹುದು, ಹಾಗಾಗಿ ಫಾರ್. ‘ಬಂದು ತುಂಬಾ ದಿನ ಆಯ್ತು’ ಅನ್ನಬಹುದು, ಫಾರ್ ಎ ಲಾಂಗ್ ಟೈಮ್. ‘ಬಂದು ಸೋಮವಾರ ಆಯ್ತು’ ಅನ್ನೋಕೆ ಆಗುವುದಿಲ್ಲ. ‘ಬಂದು 2019 ಆಯ್ತು’ ಅನ್ನೋಕೂ ಆಗುವುದಿಲ್ಲ. ಅಲ್ಲಿ ಸಿನ್ಸ್. ಬಂದು, ಸೇರಿ, ಶುರು ಮಾಡಿ ಅಂತ ಮುಂದೆ ಒಂದು ಪದ ಇರಲೇಬೇಕು. ಬರೀ ‘ಎರಡು ಗಂಟೆ ಆಯ್ತು’ ಅಂದರೆ ಗಡಿಯಾರ ನೋಡಿ ಹೇಳಿದ ಹಾಗಾಗುತ್ತದೆ.

ಈ ಸಾಲಿನಲ್ಲಿ ಇನ್ನೊಂದು ಅಪಾಯ ಇದೆ, ಕೋಷ್ಟಕ ಮಾಡುವವರು ಅದನ್ನು ಗಮನಿಸುವುದಿಲ್ಲ. ನಮ್ಮ ಮಕ್ಕಳು ಹೇಳುವುದು ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’. ಇದರಲ್ಲಿ ತಪ್ಪು ಎರಡು. ‘ಕೆಲಸ ಮಾಡುತ್ತಾ ಇದ್ದೇನೆ’ ಅನ್ನೋದು ನೇರವಾಗಿ ಆಮ್ ವರ್ಕಿಂಗ್ ಆಯಿತು, ಅದೊಂದು. ‘ವರ್ಷದಿಂದ’ದ ‘ಇಂದ’ ಸಿನ್ಸ್ ಆಯಿತು, ಇದೊಂದು. ಇಡೀ ವಾಕ್ಯವನ್ನು ತಪ್ಪಿನ ಮನೆಗೆ ಹಾಕಿ ಪಕ್ಕದಲ್ಲಿ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’ ಅಂತ ಸರಿಯುತ್ತರ ಬರೆದರೆ ಹುಡುಗ ಒಂದನ್ನು ಮಾತ್ರ ಕಾಣುತ್ತಾನೆ. ಮುಂದಿನ ಸಲ ಸಿನ್ಸ್ ತೆಗೆದು ಫಾರ್ ಹಾಕುತ್ತಾನೆ, ಆಮ್ ವರ್ಕಿಂಗ್ ಹಾಗೇ ಉಳಿಯುತ್ತದೆ. ಇದನ್ನ ಎಷ್ಟೋ ಉತ್ತರ ಪತ್ರಿಕೆಗಳಲ್ಲಿ ನೋಡಿದ್ದೇನೆ.

ಹಾಗಾಗಿ ಸಾಲು ಒಡೆಯಿರಿ. ಒಂದು ಸಾಲಿನಲ್ಲಿ ಸರಿ ವಾಕ್ಯಕ್ಕೂ ತಪ್ಪು ವಾಕ್ಯಕ್ಕೂ ಒಂದೇ ಒಂದು ವ್ಯತ್ಯಾಸ ಇರಬೇಕು.

ಸಂಜೆಪಾಠ

ಒಡೆದೆ. ಟೆನ್ಸ್ ಸಾಲಿಗೆ ತಪ್ಪು ವಾಕ್ಯ ‘ಐ ಆಮ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’ ಅಂತ ಹಾಕಿದ್ದೇನೆ. ಸಿನ್ಸ್ ಸಾಲಿಗೆ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’. ಸರಿ ತಾನೇ?

ಹಳೇಮೇಷ್ಟ್ರು

ಎರಡನೆಯದು ಸರಿ. ಮೊದಲನೆಯದನ್ನು ಬದಲಾಯಿಸಿ. ‘ಐ ಆಮ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’ ಕೆಲವೊಮ್ಮೆ ಸರಿ. ಒಬ್ಬರನ್ನು ಎರಡು ವರ್ಷದ ಕಾಂಟ್ರಾಕ್ಟ್ ಮೇಲೆ ತೆಗೆದುಕೊಂಡಿದ್ದಾರೆ, ಒಟ್ಟು ಎರಡು ವರ್ಷ ಇರುತ್ತಾರೆ ಅಂತಿಟ್ಟುಕೊಳ್ಳಿ. ಅವರು ಹಾಗೆ ಹೇಳಬಹುದು. ತಪ್ಪಿನ ಮನೆಯಲ್ಲಿ ಇರುವ ವಾಕ್ಯ ಯಾವ ಸಂದರ್ಭದಲ್ಲೂ ಸರಿಯಾಗಬಾರದು. ಇಲ್ಲದಿದ್ದರೆ ಚುರುಕಾದ ಹುಡುಗಿ ಒಬ್ಬಳು ಎದ್ದು ಪ್ರಶ್ನೆ ಕೇಳುತ್ತಾಳೆ, ಉಳಿದವರಿಗೆ ಇಡೀ ಹಾಳೆಯ ಮೇಲೆ ನಂಬಿಕೆ ಹೋಗುತ್ತದೆ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2022’ ಅಂತ ಹಾಕಿ. ಅದಕ್ಕೆ ಈ ಬೇರೆ ಅರ್ಥ ಇಲ್ಲ. ಸಿನ್ಸ್ ಸರಿ ಇದೆ, ಟೆನ್ಸ್ ಮಾತ್ರ ತಪ್ಪು.

ಪಡುವಣಗಾಳಿ

ಒಂದು ಬೇರೆ ವಿಷಯ. ನಾನು ಪ್ರಿಂಟಿಂಗ್ ಅಂಗಡಿಯಲ್ಲಿ ಇರುವವನು, ಮಂಗಳೂರಿನವನು. ಇಂಥ ಹಾಳೆ ದಿನಾ ಬರುತ್ತದೆ. ಸರಿಯನ್ನು ಹಸಿರಲ್ಲಿ, ತಪ್ಪನ್ನು ಕೆಂಪಲ್ಲಿ ಮಾಡಿ ತರುತ್ತಾರೆ. ಜೆರಾಕ್ಸ್ ಮಾಡಿದ ಮೇಲೆ ಎರಡೂ ಬೂದು. ಯಾವುದು ಸರಿ ಯಾವುದು ತಪ್ಪು ಅಂತ ಗೊತ್ತೇ ಆಗುವುದಿಲ್ಲ. ಬಣ್ಣ ನಂಬಬೇಡಿ, ✓ ಮತ್ತು ✗ ಗುರುತು ಹಾಕಿ. ಕೆಲವರು ತಪ್ಪು ವಾಕ್ಯದ ಮುಂದೆ ನಕ್ಷತ್ರ ಹಾಕುತ್ತಾರೆ. ಅದನ್ನೇ ವಾಟ್ಸಾಪ್‌ನಲ್ಲಿ ಕಳಿಸುವಾಗ ವಾಕ್ಯದ ಎರಡೂ ಕಡೆ ನಕ್ಷತ್ರ ಬಿದ್ದರೆ ಅದು ದಪ್ಪ ಅಕ್ಷರ ಆಗುತ್ತದೆ. ಅಂದರೆ ತಪ್ಪು ವಾಕ್ಯವೇ ಎದ್ದು ಕಾಣುತ್ತದೆ.

ಆಮೇಲೆ ನಾಲ್ಕು ಕಾಲಮ್‌ಗಿಂತ ಜಾಸ್ತಿ ಬೇಡ. ಎ4 ಹಾಳೆಯನ್ನು ಉದ್ದುದ್ದ ಇಟ್ಟು ಐದು ಕಾಲಮ್ ಮಾಡಿದರೆ ಒಂದೊಂದು ಮನೆಯಲ್ಲಿ ಒಂದು ಸಾಲಿಗೆ ಎರಡೇ ಪದ ಹಿಡಿಯುತ್ತದೆ. ಕನ್ನಡ ಪದಗಳು ಉದ್ದ, ಮಧ್ಯದಲ್ಲಿ ಮುರಿದರೆ ಓದೋಕೆ ಆಗಲ್ಲ. ಮತ್ತೆ ನುಡಿಯ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ತರಬೇಡಿ. ಯೂನಿಕೋಡ್ ಅಲ್ಲದಿದ್ದರೆ ನಮ್ಮ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಮೊದಲೇ ಬದಲಾಯಿಸಿಕೊಂಡು ಬನ್ನಿ.

ಸಂಜೆಪಾಠ

ಬಹಳ ಉಪಕಾರ ಆಯಿತು ಅಣ್ಣ. ನನ್ನದು ಐದು ಕಾಲಮ್ ಇತ್ತು, ‘ಯಾಕೆ’ ಅನ್ನೋದಕ್ಕೆ ಒಂದು ಬೇರೆ ಇಟ್ಟಿದ್ದೆ. ಅದನ್ನು ನೋಡಬೇಕಾದ ಪ್ರಶ್ನೆಯ ಜೊತೆಗೆ ಸೇರಿಸಿದೆ. ಈಗ ಮೂರು ಸಾಲು ಹೀಗೆ ಬಂದಿದೆ:

```
| ಮನಸ್ಸಲ್ಲಿರುವ ಕನ್ನಡ | ಕೇಳಿಕೊಳ್ಳಿ | ✓ | ✗ |
|---|---|---|---|
| ನಿನ್ನೆ ಫೀಸ್ ಕಟ್ಟಿದ್ದೇನೆ | ಮುಗಿದುಹೋದ ಹೊತ್ತು ಇದೆಯಾ? ಇದ್ದರೆ ಹ್ಯಾವ್ ಬೇಡ | ಐ ಪೇಯ್ಡ್ ದಿ ಫೀಸ್ ಯೆಸ್ಟರ್‌ಡೇ | ಐ ಹ್ಯಾವ್ ಪೇಯ್ಡ್ ದಿ ಫೀಸ್ ಯೆಸ್ಟರ್‌ಡೇ |
| 2022ರಿಂದ ಇಲ್ಲಿ ಕೆಲಸ ಮಾಡುತ್ತಾ ಇದ್ದೇನೆ | ಹಿಂದೆ ಶುರುವಾಗಿ ಈಗಲೂ ಇದೆಯಾ? ಹ್ಯಾವ್ ಬೀನ್ | ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2022 | ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2022 |
| ಎರಡು ವರ್ಷದಿಂದ | ‘ಬಂದು ... ಆಯ್ತು’ ಅನ್ನಬಹುದಾ? ಫಾರ್ | ಫಾರ್ ಟೂ ಇಯರ್ಸ್ | ಸಿನ್ಸ್ ಟೂ ಇಯರ್ಸ್ |
```

ಮೊದಲ ಕಾಲಮ್ ಕನ್ನಡ ಇಟ್ಟಿದ್ದು ಬೇಕಂತಲೇ. ಹುಡುಗ ಹಾಳೆಯಲ್ಲಿ ಹುಡುಕುವಾಗ ಅವನ ಹತ್ತಿರ ಇರುವುದು ಕನ್ನಡ ವಾಕ್ಯ. ಪ್ರೆಸೆಂಟ್ ಪರ್ಫೆಕ್ಟ್ ಅನ್ನೋ ಹೆಸರು ಅವನಿಗೆ ಗೊತ್ತಿದ್ದರೆ ಹಾಳೆಯೇ ಬೇಕಿರಲಿಲ್ಲ.

ಹೊಯ್ಸಳದಾರಿ

ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಎಲ್ಲರೂ ಒಪ್ಪಿಕೊಂಡಂತೆ ಕಾಣುತ್ತದೆ, ನನಗೆ ಒಪ್ಪಿಗೆ ಇಲ್ಲ. ತಪ್ಪಿನ ಕಾಲಮ್ಮೇ ಇರಬಾರದು. ನಮ್ಮ ಮಕ್ಕಳು ಓದೋದು ಬಾಯಿಪಾಠ. ಸಾಲು ಪೂರ್ತಿ ಬಾಯಿಪಾಠ ಮಾಡುತ್ತಾರೆ, ತಪ್ಪನ್ನೂ ಸೇರಿಸಿ. ಪರೀಕ್ಷೆ ದಿನ ಎರಡೂ ನೆನಪಿರುತ್ತದೆ, ಯಾವುದಕ್ಕೆ ✓ ಇತ್ತು ಅನ್ನೋದು ಮಾತ್ರ ನೆನಪಿರುವುದಿಲ್ಲ. ಸರಿ ವಾಕ್ಯವನ್ನೇ ಬೇರೆ ಬೇರೆ ಪದ ಹಾಕಿ ಹತ್ತು ಸಲ ಬರೆಸಿ. ಅದರಿಂದ ಬರುತ್ತದೆ.

ಪೇಡೆನಗರಿ

ಅಕ್ಕ, ತಪ್ಪು ಹಾಳೆಯಲ್ಲಿ ಇಲ್ಲದಿದ್ದರೂ ಅವರ ಬಾಯಲ್ಲಿ ಇದೆ ಅಲ್ವಾ? ‘ಐ ಆಮ್ ವರ್ಕಿಂಗ್ ಸಿನ್ಸ್’ ಅಂತ ಅವರು ಆಗಲೇ ಹೇಳುತ್ತಿದ್ದಾರೆ. ಅದು ತಪ್ಪು ಅಂತ ಯಾರೂ ತೋರಿಸದಿದ್ದರೆ ತಮ್ಮದೂ ಸರಿ, ಹಾಳೆಯದೂ ಸರಿ ಅಂದುಕೊಳ್ಳುತ್ತಾರೆ. ನಾನಂತೂ ಹಾಗೇ ಅಂದುಕೊಂಡಿದ್ದೆ.

ಹೊಯ್ಸಳದಾರಿ

ಡಿಗ್ರಿ ಮಕ್ಕಳಿಗೆ ಅದು ಸರಿ ಇರಬಹುದು. ಎಂಟನೇ ಕ್ಲಾಸಿನ ಮಗುವಿಗೆ ಆ ತಪ್ಪು ಮಾಡುವಷ್ಟು ಇಂಗ್ಲಿಷ್ ಕೂಡ ಬಾಯಲ್ಲಿ ಇರುವುದಿಲ್ಲ. ಅವರಿಗೆ ನಾವೇ ತಪ್ಪನ್ನು ಕಲಿಸಿದಂತಾಗುತ್ತದೆ.

ಹಳೇಮೇಷ್ಟ್ರು

ಇಬ್ಬರ ಮಾತಿನಲ್ಲೂ ಹುರುಳಿದೆ. ತಪ್ಪಿನ ಮನೆ ಕೊನೆಯ ಕಾಲಮ್ ಆಗಿರಲಿ, ಹಾಳೆ ಮಡಚಿದರೆ ಒಳಗೆ ಹೋಗುವಂತೆ. ಓದುವಾಗ ಮಡಚಿ ಓದಲಿ. ಹೈಸ್ಕೂಲಿಗೆ ಹಾಳೆ ಕೊಡುವುದಾದರೆ ಆ ಕಾಲಮ್ ಕತ್ತರಿಸಿ ಶಿಕ್ಷಕರ ಹತ್ತಿರ ಇಡಲಿ. ಮಗು ಆ ತಪ್ಪನ್ನು ಬಾಯಿಂದ ಹೇಳಿದ ದಿನ ತೆಗೆದು ತೋರಿಸಿದರೆ ಸಾಕು.

ಹೊಯ್ಸಳದಾರಿ

ಅದಾದರೆ ಪ್ರಯತ್ನ ಮಾಡಬಹುದು. ಆದರೂ ನನ್ನ ಕ್ಲಾಸಿಗೆ ಮೂರು ಕಾಲಮ್ಮೇ ಇರಲಿ.

ಸಂಜೆಪಾಠ

ಮುಂದಿನ ತೊಡಕು. ‘ನಿನ್ನೆ ಮೈಸೂರಿಗೆ ಹೋಗಿದ್ದೆ’. ಇಡೀ ಕ್ಲಾಸ್ ‘ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್‌ಡೇ’ ಅನ್ನುತ್ತದೆ. ಗುರುಗಳ ಪಾಠದಲ್ಲಿ ಹ್ಯಾಡ್ ಬಗ್ಗೆ ಒಂದೇ ಮಾತು ಇದೆ, ‘ಅದು ಮುಂದಿನ ಕ್ಲಾಸಿಗೆ’ ಅಂತ. ಆ ಕ್ಲಾಸಿನ ರೆಕಾರ್ಡಿಂಗ್ ಇಲ್ಲ. ಈ ಸಾಲು ಸೇರಿಸಬೇಕಾ?

ಹಳೇಮೇಷ್ಟ್ರು

ಸೇರಿಸಲೇಬೇಕು. ನಮ್ಮವರಿಗೆ ಇದು ಮೊದಲ ಸಾಲಿನ ಜೋಡಿ ತಪ್ಪು. ಕನ್ನಡದಲ್ಲಿ ಹೋಗಿ ವಾಪಸ್ ಬಂದದ್ದಕ್ಕೆ ‘ಹೋಗಿದ್ದೆ’ ಅನ್ನುತ್ತೇವೆ. ‘ನಿನ್ನೆ ಎಲ್ಲಿದ್ದೆ?’ ಅಂತ ಕೇಳಿದರೆ ‘ಮೈಸೂರಿಗೆ ಹೋದೆ’ ಅಂತ ಯಾರೂ ಹೇಳುವುದಿಲ್ಲ, ‘ಹೋಗಿದ್ದೆ’ ಅಂತಲೇ ಹೇಳುತ್ತಾರೆ. ಅದರಲ್ಲಿ ಹೋದದ್ದು, ಅಲ್ಲಿ ಇದ್ದದ್ದು, ಈಗ ಇಲ್ಲಿ ಇರುವುದು ಎಲ್ಲವೂ ಇದೆ. ಇಂಗ್ಲಿಷಿಗೆ ಅದಕ್ಕೆ ‘ವೆಂಟ್’ ಸಾಕು. ಹ್ಯಾಡ್ ಬೇಕಾದರೆ ಹಿಂದೆ ನಡೆದ ಎರಡು ಘಟನೆ ಬೇಕು, ಅದರಲ್ಲಿ ಮೊದಲು ಆದದ್ದಕ್ಕೆ ಹ್ಯಾಡ್. ‘ವೆನ್ ಐ ರೀಚ್ಡ್ ದಿ ಸ್ಟೇಷನ್, ದಿ ಟ್ರೇನ್ ಹ್ಯಾಡ್ ಲೆಫ್ಟ್’. ಸ್ಟೇಷನ್ ತಲುಪಿದ್ದು ಒಂದು, ರೈಲು ಹೋದದ್ದು ಅದಕ್ಕಿಂತ ಮೊದಲು.

ಆದ್ದರಿಂದ ಕೇಳಿಕೊಳ್ಳುವ ಪ್ರಶ್ನೆ: ‘ಯಾವುದಕ್ಕಿಂತ ಮೊದಲು?’ ಉತ್ತರ ಇಲ್ಲದಿದ್ದರೆ ಹ್ಯಾಡ್ ಬೇಡ. ತಪ್ಪಿನ ಮನೆಯಲ್ಲಿ ವಾಕ್ಯವನ್ನು ಒಂಟಿಯಾಗಿ ಹಾಕಬೇಡಿ, ಹಿಂದಿನ ಪ್ರಶ್ನೆಯನ್ನೂ ಹಾಕಿ. ‘ವೇರ್ ವರ್ ಯು ಯೆಸ್ಟರ್‌ಡೇ?’ ಅಂತ ಕೇಳಿದಾಗ ‘ಐ ಹ್ಯಾಡ್ ಗಾನ್’ ತಪ್ಪು. ಒಂಟಿ ವಾಕ್ಯವಾದರೆ ಯಾವುದೋ ಕಥೆಯೊಳಗೆ ಅದು ಸರಿಯಾಗಿಬಿಡಬಹುದು.

ಕೀಲಿಮಣೆ

ಮೇಷ್ಟ್ರೇ, ಇನ್ನೊಂದು ಉಪಾಯ ಇದೆ, ಇದನ್ನಾದರೂ ಒಪ್ಪಿ. ವಾಕ್ಯವನ್ನು ‘ಇಲ್ಲ’ ಮಾಡಿ ನೋಡುವುದು. ‘ಬಂದಿಲ್ಲ’ ಅಂತ ಆದರೆ ಹ್ಯಾಸ್ ನಾಟ್ ಕಮ್, ‘ಬರಲಿಲ್ಲ’ ಅಂತ ಆದರೆ ಡಿಡ್ ನಾಟ್ ಕಮ್. ‘ಬಸ್ ಇನ್ನೂ ಬಂದಿಲ್ಲ’, ‘ನಿನ್ನೆ ಬಸ್ ಬರಲಿಲ್ಲ’. ಕನ್ನಡ ತಾನೇ ಬೇರೆ ಮಾಡಿ ಕೊಡುತ್ತದೆ.

ಹಳೇಮೇಷ್ಟ್ರು

ಇದು ಚೆನ್ನಾಗಿದೆ. ‘ಕಟ್ಟಿದೆ’ ತೊಡಕಿಗೂ ಇದು ಮದ್ದು. ‘ನಾನು ಕಟ್ಟಲಿಲ್ಲ’, ‘ಹಕ್ಕಿ ಗೂಡು ಕಟ್ಟಿಲ್ಲ’. ಕೊನೆ ಬೇರೆಯಾಯಿತು ನೋಡಿ. ಇದನ್ನು ಕೋಷ್ಟಕದ ಕೆಳಗೆ ಹಾಕಿ.

ಪಡುವಣಗಾಳಿ

ನಮ್ಮ ಕಡೆ ಇದು ನಡೆಯುವುದಿಲ್ಲ. ಸ್ಟಾಪಿನಲ್ಲಿ ನಿಂತು ‘ಬಸ್ ಇನ್ನೂ ಬರಲಿಲ್ಲ’ ಅಂತಲೇ ಹೇಳುತ್ತೇವೆ. ‘ಊಟ ಇನ್ನೂ ಮಾಡಲಿಲ್ಲ’ ಅನ್ನುತ್ತೇವೆ. ನಿಮ್ಮ ಲೆಕ್ಕದ ಪ್ರಕಾರ ಅದು ಡಿಡ್ ನಾಟ್ ಆಗಿಬಿಡುತ್ತದೆ.

ಕೀಲಿಮಣೆ

‘ಇನ್ನೂ’ ಇದ್ದರೆ ಹ್ಯಾಸ್ ನಾಟ್ ಅಂತ ಒಂದು ಸೇರಿಸಿದರೆ?

ಪಡುವಣಗಾಳಿ

ನಾವು ‘ಇನ್ನೂ’ ಹೇಳದೆಯೂ ಹಾಗೇ ಮಾತಾಡುತ್ತೇವೆ. ‘ಬಸ್ ಬರಲಿಲ್ವಾ?’ ಅಂತ ಕಾಯುತ್ತಿರುವವರನ್ನು ಕೇಳುತ್ತೇವೆ.

ಹಳೇಮೇಷ್ಟ್ರು

ಹಾಗಾದರೆ ಕರಾವಳಿಗೆ ಹೋಗುವ ಹಾಳೆಯಲ್ಲಿ ಈ ಉಪಾಯ ಬೇಡ. ಅಲ್ಲಿನವರಿಗೆ ಯಾವುದು ಹೊಂದುತ್ತದೆ ಅಂತ ಅಲ್ಲಿ ಪಾಠ ಮಾಡುವವರು ಹೇಳಬೇಕು.

ಜರ್ಸಿಕನ್ನಡಿಗ

ಅಮೆರಿಕದಿಂದ ಬರೆಯುತ್ತಿದ್ದೇನೆ. ನೀವು ಹ್ಯಾವ್ ಬಗ್ಗೆ ಸ್ವಲ್ಪ ಜಾಸ್ತಿಯೇ ಕಟ್ಟುನಿಟ್ಟು ಮಾಡುತ್ತಿದ್ದೀರಿ. ಇಲ್ಲಿ ಆಫೀಸಿನಲ್ಲಿ ಎಲ್ಲರೂ ‘ಡಿಡ್ ಯು ಈಟ್ ಯೆಟ್?’, ‘ಐ ಆಲ್ರೆಡಿ ಸೆಂಟ್ ಇಟ್’, ‘ದಿ ಬಸ್ ಜಸ್ಟ್ ಕೇಮ್’ ಅನ್ನುತ್ತಾರೆ. ಅದು ನಮ್ಮ ‘ಊಟ ಆಯ್ತಾ?’, ‘ಬಸ್ ಬಂತು’ ಥರವೇ ಇದೆ. ಅಂಥವನ್ನು ✗ ಮನೆಗೆ ಹಾಕಬೇಡಿ. ನಾಳೆ ಇಲ್ಲಿಗೆ ಬಂದವರು ಸುಮ್ನೆ ಗಾಬರಿಯಾಗುತ್ತಾರೆ.

ಹೊಯ್ಸಳದಾರಿ

ನಮ್ಮ ಮಕ್ಕಳ ಉತ್ತರ ಪತ್ರಿಕೆ ತಿದ್ದುವವರು ಇಲ್ಲಿಯವರು. ‘ಜಸ್ಟ್’, ‘ಆಲ್ರೆಡಿ’, ‘ಯೆಟ್’ ಜೊತೆಗೆ ಹ್ಯಾವ್ ಇಲ್ಲದಿದ್ದರೆ ಅಂಕ ಹೋಗುತ್ತದೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ಆ ಪದಗಳನ್ನು ಸುಳಿವು ಅಂತಲೇ ಕೊಟ್ಟಿರುತ್ತಾರೆ.

ಜರ್ಸಿಕನ್ನಡಿಗ

ಪರೀಕ್ಷೆಗೆ ಹಾಗೆ ಇರಲಿ. ಆದರೆ ‘ಐ ಹ್ಯಾವ್ ಪೇಯ್ಡ್ ಯೆಸ್ಟರ್‌ಡೇ’ ಇಲ್ಲೂ ತಪ್ಪೇ. ‘ಆಮ್ ವರ್ಕಿಂಗ್ ಸಿನ್ಸ್’ ಅಂದರೆ ಇಲ್ಲೂ ಭಾರತದವರು ಅಂತ ತಕ್ಷಣ ಗೊತ್ತಾಗುತ್ತದೆ. ಆ ಎರಡು ತಪ್ಪುಗಳನ್ನೂ ‘ದಿ ಬಸ್ ಜಸ್ಟ್ ಕೇಮ್’ ಅನ್ನೋದನ್ನೂ ಒಂದೇ ತೂಕದಲ್ಲಿ ಇಟ್ಟರೆ ಸರಿಯಲ್ಲ ಅಂತ ನನ್ನ ಮಾತು.

ಸಂಜೆಪಾಠ

ಹಾಗಾದರೆ ಮೂರನೇ ಗುರುತು ಇಡಲಾ? ✓, ✗, ಮತ್ತೆ ಪರೀಕ್ಷೆಯಲ್ಲಿ ಮಾತ್ರ ತಪ್ಪು ಅನ್ನೋದಕ್ಕೆ △.

ಹೊಯ್ಸಳದಾರಿ

ಮೂರು ಗುರುತು ಕಂಡರೆ ಮಕ್ಕಳು ನಡುವಿನದನ್ನೂ ಸರಿ ಅಂತಲೇ ತೆಗೆದುಕೊಳ್ಳುತ್ತಾರೆ. ಬೇಡ.

ಪೇಡೆನಗರಿ

ಡಿಗ್ರಿ ಮಕ್ಕಳಿಗೆ ಬೇಕು. ಇಂಗ್ಲಿಷ್ ಸಿನಿಮಾ, ಸೀರಿಯಲ್ ನೋಡುತ್ತಾರೆ, ‘ಡಿಡ್ ಯು ಈಟ್’ ಕೇಳಿಯೇ ಇರುತ್ತಾರೆ. ಹಾಳೆ ಅದನ್ನ ತಪ್ಪು ಅಂದರೆ ಹಾಳೆಯನ್ನೇ ನಂಬುವುದಿಲ್ಲ.

ಹಳೇಮೇಷ್ಟ್ರು

ಈ ಸಾಲು ಈಗ ಬಿಡಿ. ಗುರುಗಳ ಪಾಠದಲ್ಲಿ ‘ಜಸ್ಟ್’ ಬಗ್ಗೆ ತಿದ್ದುಪಡಿ ಎಲ್ಲಾದರೂ ಇದೆಯಾ ನೋಡಿ. ಇದ್ದರೆ ಅವರು ಹೇಗೆ ತಿದ್ದಿದರೋ ಹಾಗೇ ಹಾಕಿ. ಇಲ್ಲದಿದ್ದರೆ ನಿಮ್ಮ ಮಕ್ಕಳು ಆ ತಪ್ಪು ಮಾಡುತ್ತಾರಾ ಅಂತ ಮೊದಲು ಕೇಳಿಸಿಕೊಳ್ಳಿ. ಮಾಡದ ತಪ್ಪಿಗೆ ಸಾಲು ಬೇಡ.

ಸಂಜೆಪಾಠ

ಕೇಳಿ ಬಂದೆ. ‘ಜಸ್ಟ್’ ಬಗ್ಗೆ ತಿದ್ದುಪಡಿ ಇಲ್ಲ. ಆದರೆ ಮೇಷ್ಟ್ರು ಹೇಳಿದ್ದು ಸಿಕ್ಕಿತು. ಸುಮಾರು ಅರ್ಧ ಪಾಠ ಆದ ಮೇಲೆ ಯಾರೋ ಹುಡುಗಿ ‘ಐ ಹ್ಯಾವ್ ಸೀನ್ ಹಿಮ್ ಲಾಸ್ಟ್ ವೀಕ್’ ಅನ್ನುತ್ತಾಳೆ. ಗುರುಗಳು ‘ಲಾಸ್ಟ್ ವೀಕ್ ಅಂತ ಹೇಳೇಬಿಟ್ಟೆಯಲ್ಲಮ್ಮ, ಇನ್ನು ಹ್ಯಾವ್ ಯಾಕೆ?’ ಅನ್ನುತ್ತಾರೆ. ಮೊದಲ ಸಾಲಿನ ಪ್ರಶ್ನೆಯ ಮನೆಯಲ್ಲಿ ಆ ಮಾತನ್ನೇ ಹಾಗೇ ಹಾಕಿದ್ದೇನೆ. △ ಬಗ್ಗೆ ಇನ್ನೂ ತೀರ್ಮಾನ ಮಾಡಿಲ್ಲ, ಸದ್ಯಕ್ಕೆ ಆ ಸಾಲು ಖಾಲಿ ಬಿಟ್ಟಿದ್ದೇನೆ.

ಪಡುವಣಗಾಳಿ

ಪ್ರಿಂಟ್ ಮಾಡಿಸುವಾಗ ಪಿಡಿಎಫ್ ಮಾಡಿ ಕೊಡಿ, ವರ್ಡ್ ಫೈಲ್ ಬೇಡ. ಫಾಂಟ್ ಬದಲಾದರೆ ಒತ್ತಕ್ಷರ ಎಲ್ಲ ಚದುರುತ್ತದೆ, ಕಾಲಮ್ ಅಗಲವೂ ಬದಲಾಗುತ್ತದೆ. ಆಗ ಮಡಚುವ ಗೆರೆ ✗ ಕಾಲಮ್ ಮೇಲೆ ಬೀಳುವುದಿಲ್ಲ.

ಮಲ್ಲಿಗೆ_ಹಂದರ

ಸರ್, ಈ ಹಾಳೆಯನ್ನು ಮಗಳಿಗೆ ತೋರಿಸಿದೆ. ‘ಅಮ್ಮ, ಮೂರು ವರ್ಷದಿಂದ ನಾನು ಅವಳನ್ನ ಬಲ್ಲೆ ಅನ್ನೋದು ಹ್ಯಾವ್ ಬೀನ್ ನೋಯಿಂಗ್ ಆಗುತ್ತಾ?’ ಅಂತ ಕೇಳಿದಳು. ಎರಡನೇ ಸಾಲಿನ ಪ್ರಕಾರ ಹಾಗೇ ಆಗಬೇಕು ಅಲ್ವಾ?

ಹಳೇಮೇಷ್ಟ್ರು

ಮಗಳು ಒಳ್ಳೆಯ ತೂತು ಹಿಡಿದಿದ್ದಾಳೆ. ಆಗುವುದಿಲ್ಲ. ‘ಐ ಹ್ಯಾವ್ ನೋನ್ ಹರ್ ಫಾರ್ ತ್ರೀ ಇಯರ್ಸ್’. ತಿಳಿದಿರುವುದು, ಇಷ್ಟಪಡುವುದು, ನಂಬುವುದು, ಇಂಥವು ಮಾಡುತ್ತಾ ಇರುವ ಕೆಲಸ ಅಲ್ಲ, ಅವಕ್ಕೆ ಇಂಗ್ ಹಚ್ಚುವುದಿಲ್ಲ. ಸಂಜೆಪಾಠ, ಎರಡನೇ ಸಾಲಿನ ಕೆಳಗೆ ಇದಕ್ಕೆ ಬೇರೆ ಸಾಲು ಮಾಡಿ. ಕನ್ನಡದ ಮನೆಯಲ್ಲಿ ಆ ಹುಡುಗಿ ಹೇಳಿದ ವಾಕ್ಯವನ್ನೇ ಹಾಕಿ.